ಅಡಿಕೆ ಸುಲಿಯುವ ಮಶಿನಿಗೆ ಪೇಟೆಂಟ್: ‘ಹೊಸದು’, ‘ಹೊಳೆಯದ್ದು’ ಮತ್ತು ‘ಸ್ವಂತದ್ದು’ ಬೇರೆ ಬೇರೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಸುಲಿಯುವ ಮಶಿನು ಇರುವ ಮನೆಯಲ್ಲಿ ಅದಕ್ಕೆ ಮಾಡಿದ ಒಂದಾದರೂ ತಿದ್ದುಪಡಿ ಇದ್ದೇ ಇರುತ್ತದೆ. ಒಬ್ಬರು ರೋಲರಿನ ಹಲ್ಲು ಬದಲಿಸಿರುತ್ತಾರೆ, ಇನ್ನೊಬ್ಬರು ಹಳೆಯ ಬೈಕಿನ ಸ್ಪ್ರಿಂಗ್ ತಂದು ಕೂರಿಸಿರುತ್ತಾರೆ. ಇದಕ್ಕೆ ಪೇಟೆಂಟ್ ಸಿಗುತ್ತದೆಯೇ ಎಂಬ ಪ್ರಶ್ನೆ ಬಂದಾಗ ಎಲ್ಲರ ವಾದವೂ ಒಂದೇ: “ನಾನೇ ತಲೆ ಓಡ್ಸಿ ಮಾಡಿದ್ದು, ಯಾರ್ದೂ ನೋಡಿ ಮಾಡಿದ್ದಲ್ಲ.”

ಈ ಮಾತು ಕಾಪಿರೈಟಿಗೆ ಬಹುಮಟ್ಟಿಗೆ ಸಾಕಾಗುತ್ತದೆ. ಪೇಟೆಂಟಿಗೆ ಇದು ಉತ್ತರವೇ ಅಲ್ಲ. ಕಾಪಿರೈಟ್ ಕೇಳುವುದು ‘ಇದು ಯಾರ ಕೈಯಿಂದ ಬಂತು’ ಎಂದು. ಪೇಟೆಂಟ್ ಕೇಳುವುದು ‘ಇದು ಜಗತ್ತಿನಲ್ಲಿ ಎಲ್ಲಾದರೂ ಮೊದಲೇ ಇತ್ತೇ’ ಎಂದು. ಇರಲಿಲ್ಲ ಎಂದಾದರೆ ಎರಡನೇ ಪ್ರಶ್ನೆ ಬರುತ್ತದೆ: ‘ಈ ಕಸುಬು ಬಲ್ಲ ಸಾಧಾರಣ ಮನುಷ್ಯನಿಗೆ ಇದು ಹೊಳೆಯುತ್ತಿತ್ತೇ?’ ಮೊದಲನೆಯದು ನವೀನತೆ, ಎರಡನೆಯದು ಆವಿಷ್ಕಾರದ ಹೆಜ್ಜೆ. ಒಂದೇ ಮಶಿನನ್ನು ಎದುರಿಗಿಟ್ಟುಕೊಂಡು ಮೂರನ್ನೂ ನೋಡೋಣ.

ಮಶಿನು ಕಾಲ್ಪನಿಕ, ಆದರೆ ಅದರ ತೊಂದರೆಗಳು ಸುಲಿದವರಿಗೆಲ್ಲ ಪರಿಚಿತ. ಕೆಂಪಡಿಕೆಗಾಗಿ ಹಸಿ ಅಡಿಕೆ ಸುಲಿಯುವ ಯಂತ್ರ ಅಂದುಕೊಳ್ಳಿ. ಹಲ್ಲಿರುವ ಒಂದು ರೋಲರ್ ತಿರುಗುತ್ತದೆ, ಅದರೆದುರು ಬಾಗಿದ ಒಂದು ಪ್ಲೇಟಿದೆ, ನಡುವಿನ ಅಂತರದಲ್ಲಿ ಅಡಿಕೆ ಉರುಳಿ ಸಿಪ್ಪೆ ಬಿಡುತ್ತದೆ. ಅಂತರ ಒಂದೇ ಅಳತೆಗೆ ನಿಂತಿರುವುದರಿಂದ ಅಡಿಕೆ ದೊಡ್ಡದಿದ್ದರೆ ಗಾಯವಾಗುತ್ತದೆ, ಸಣ್ಣದಿದ್ದರೆ ಸುಲಿಯದೇ ಜಾರುತ್ತದೆ. ಹಾಗಾಗಿ ಮಾಡಿದವರು ಪ್ಲೇಟಿನ ಹಿಂದೆ ಸ್ಪ್ರಿಂಗ್ ಕೊಟ್ಟರು. ಆಗ ಹೊಸ ತೊಂದರೆ ಬಂತು. ಒಂದು ದೊಡ್ಡ ಅಡಿಕೆ ಬಂದರೆ ಇಡೀ ಪ್ಲೇಟು ಹಿಂದೆ ಸರಿಯುತ್ತದೆ, ಅದೇ ಕ್ಷಣ ಪಕ್ಕದಲ್ಲಿದ್ದ ಸಣ್ಣವೆಲ್ಲ ನುಸುಳಿಬಿಡುತ್ತವೆ. ಪ್ಲೇಟನ್ನು ಉದ್ದಕ್ಕೆ ಐದು ಪಟ್ಟಿಯಾಗಿ ಸೀಳಿ, ಹಾರ್ಮೋನಿಯಮ್ಮಿನ ಮನೆಗಳ ಹಾಗೆ ಪ್ರತಿಯೊಂದಕ್ಕೂ ಬೇರೆ ಸ್ಪ್ರಿಂಗ್ ಕೊಟ್ಟರು. ಈಗ ಹಸಿ ನಾರು ಸೀಳುಗಳಲ್ಲಿ ತುರುಕಿಕೊಂಡು ಐದು ಪಟ್ಟಿಯೂ ಅಂಟಿ ಮತ್ತೆ ಒಂದೇ ಪ್ಲೇಟಾಯಿತು. ಕೊನೆಗೆ ಸೀಳನ್ನು ನೇರವಾಗಿ ಅಲ್ಲ, ಓರೆಯಾಗಿ ಹಾಕಿದರು. ರೋಲರಿನ ಹಲ್ಲು ಸೀಳಿನ ಗುಂಟ ಓಡುವ ಬದಲು ಅದನ್ನು ಅಡ್ಡ ದಾಟತೊಡಗಿತು, ನಾರು ಒಳಗೆ ಹೋಗುವ ಬದಲು ಹರಿದು ಹೊರಬಿತ್ತು.

ಇಲ್ಲಿ ಪೇಟೆಂಟಿಗೆ ಲಾಯಕ್ಕಾದ್ದು ಯಾವುದು?

ಮೊದಲು, ಯಾರಿಗೂ ತೋರಿಸಬೇಡಿ

ಇದನ್ನು ಮೊದಲ ಹೆಜ್ಜೆಯಾಗಿ ಹೇಳುವುದಕ್ಕೆ ಕಾರಣವಿದೆ. ಮುಂದಿನ ಹೆಜ್ಜೆಗಳಲ್ಲಾದ ತಪ್ಪನ್ನು ಎಷ್ಟೋ ಸಲ ತಿದ್ದಬಹುದು, ಇದನ್ನು ತಿದ್ದಲಾಗುವುದಿಲ್ಲ. ಅರ್ಜಿಯ ದಿನಾಂಕಕ್ಕಿಂತ ಮೊದಲು ಆ ವಿಷಯ ಭಾರತದಲ್ಲಾಗಲಿ ಹೊರಗಾಗಲಿ ಪ್ರಕಟವಾಗಿದ್ದರೆ ಅಥವಾ ಬಹಿರಂಗವಾಗಿ ಬಳಕೆಯಲ್ಲಿದ್ದರೆ ನವೀನತೆ ಹೋಯಿತು. ಪ್ರಕಟಿಸಿದವರು ನೀವೇ ಆಗಿದ್ದರೂ ಹೋಯಿತು. ಯೂಟ್ಯೂಬಿಗೆ ಹಾಕಿದ ಎರಡು ನಿಮಿಷದ ವಿಡಿಯೋ, ಪತ್ರಿಕೆಯ ಕೃಷಿ ಪುಟದಲ್ಲಿ ಬಂದ ಚಿತ್ರಸಹಿತ ಬರಹ, ಊರಿನ ನಾಲ್ಕು ಮನೆಗೆ ಮಾರಿದ ಮಶಿನು, ಇವೆಲ್ಲ ಒಂದೇ ಲೆಕ್ಕ. ಕೊಂಡವರು ನಾಲ್ಕು ಬೋಲ್ಟು ಬಿಚ್ಚಿದರೆ ಸೀಳು ಕಾಣುತ್ತದಲ್ಲ, ಅಷ್ಟು ಸಾಕು.

ಮೇಳದ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ ಇದೆ. ಪ್ರದರ್ಶನದಲ್ಲಿ ಇಟ್ಟರೂ 12 ತಿಂಗಳ ರಿಯಾಯಿತಿ ಇದೆ ಎಂದು ಯಾರೋ ಹೇಳಿರುತ್ತಾರೆ. ಪೇಟೆಂಟ್ ಕಾಯ್ದೆಯ 31ನೇ ಕಲಮಿನಲ್ಲಿ ಅಂಥದ್ದೊಂದು ಇರುವುದು ನಿಜ. ಆದರೆ ಅದು ಅನ್ವಯಿಸುವುದು ಕೇಂದ್ರ ಸರ್ಕಾರ ಗೆಜೆಟ್ಟಿನಲ್ಲಿ ಅಧಿಸೂಚನೆ ಹೊರಡಿಸಿದ ಪ್ರದರ್ಶನಕ್ಕೆ ಮಾತ್ರ. ತಾಲೂಕಿನ ಕೃಷಿ ಮೇಳಕ್ಕೆ ಅಂಥ ಅಧಿಸೂಚನೆ ಇದೆ ಎಂದು ನಂಬಿ ಹೋಗಬೇಡಿ.

ಹಾಗಾದರೆ ಪ್ರಯೋಗ ಮಾಡುವುದು ಹೇಗೆ? 32ನೇ ಕಲಮು ಅಷ್ಟು ಜಾಗ ಬಿಟ್ಟಿದೆ: ಅರ್ಜಿಗೆ ಮುಂಚಿನ ಒಂದು ವರ್ಷದೊಳಗೆ, ಕೇವಲ ಪರೀಕ್ಷೆಗಾಗಿ, ಆ ಯಂತ್ರದ ಸ್ವಭಾವದಿಂದಾಗಿ ಬಹಿರಂಗವಾಗಿಯೇ ಮಾಡಬೇಕಾಗಿ ಬಂದಿದ್ದರೆ ಅದರಿಂದ ನವೀನತೆ ಕೆಡುವುದಿಲ್ಲ. ಆದರೆ ಅಡಿಕೆ ಸುಲಿಯುವುದಕ್ಕೆ ಬಹಿರಂಗ ಯಾಕೆ ಬೇಕು? ಮನೆಯ ಕೊಟ್ಟಿಗೆಯಲ್ಲೇ ಮಾಡಬಹುದಿತ್ತು ಎಂದು ಎದುರಿನವರು ಕೇಳುತ್ತಾರೆ. ಹಾಗಾಗಿ ಬಾಗಿಲು ಹಾಕಿಕೊಂಡೇ ಮಾಡಿ. ಲೇತ್ ಅಂಗಡಿಯವರಿಗೆ ಪ್ಲೇಟು ಮಾಡಲು ಕೊಡುವಾಗ, ಇದನ್ನು ಬೇರೆಯವರಿಗೆ ತೋರಿಸುವುದಿಲ್ಲ ಎಂದು ನಾಲ್ಕು ಸಾಲು ಬರೆದು ತಾರೀಕು ಹಾಕಿ ಸಹಿ ಮಾಡಿಸಿಕೊಳ್ಳಿ. ಗುಟ್ಟಾಗಿಡುವ ಕರಾರಿನ ಮೇಲೆ ತೋರಿಸಿದ್ದು ಬಹಿರಂಗವಲ್ಲ. ಒಂದು ವೇಳೆ ‘ಸೀಳು ಓರೆ ಹಾಕಿ ನೋಡಿ ಭಟ್ರೇ’ ಎಂದು ಹೇಳಿದವರು ಆ ಲೇತಿನವರೇ ಆಗಿದ್ದರೆ, ಸಂಶೋಧಕರ ಜಾಗದಲ್ಲಿ ಅವರ ಹೆಸರೂ ಬರಬೇಕು.

ಎರಡನೆಯದು, ಮಶಿನನ್ನು ತುಂಡು ತುಂಡಾಗಿ ಬರೆಯಿರಿ

‘ಸುಧಾರಿತ ಅಡಿಕೆ ಸುಲಿಯುವ ಯಂತ್ರ’ ಎಂದರೆ ಏನೂ ಹೇಳಿದ ಹಾಗಾಗುವುದಿಲ್ಲ. ಒಂದು ಹಾಳೆಯಲ್ಲಿ ಅಂಶಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ:

ಕ. ಹಲ್ಲಿರುವ, ತಿರುಗುವ ರೋಲರ್
ಖ. ಅದರೆದುರು ಬಾಗಿದ ಪ್ಲೇಟು
ಗ. ಪ್ಲೇಟಿನ ಹಿಂದೆ ಸ್ಪ್ರಿಂಗ್
ಘ. ಪ್ಲೇಟು ಹಲವು ಪಟ್ಟಿಗಳಾಗಿದ್ದು, ಪ್ರತಿ ಪಟ್ಟಿಗೂ ಅದರದೇ ಸ್ಪ್ರಿಂಗ್
ಚ. ಪಟ್ಟಿಗಳ ನಡುವಿನ ಸೀಳು ಹಲ್ಲು ಚಲಿಸುವ ದಿಕ್ಕಿಗೆ ಓರೆಯಾಗಿರುವುದು

ಮುಂದೆ ಕ್ಲೇಮು ಹುಟ್ಟುವುದು ಈ ಹಾಳೆಯಿಂದಲೇ. ಕ್ಲೇಮು ಎಂದರೆ ‘ಇಷ್ಟು ನನ್ನದು’ ಎಂದು ಅರ್ಜಿಯಲ್ಲಿ ಬರೆಯುವ ಸಾಲು, ಪೇಟೆಂಟಿನಲ್ಲಿ ನಿಮ್ಮ ಬೇಲಿ ಅದೇ. ಅದರಲ್ಲಿ ಬರೆದ ಅಂಶಗಳನ್ನಷ್ಟೇ ಹಿಡಿದು ನವೀನತೆಯನ್ನೂ ಆವಿಷ್ಕಾರದ ಹೆಜ್ಜೆಯನ್ನೂ ಅಳೆಯುತ್ತಾರೆ. ವಿವರಣೆಯಲ್ಲಿ ಎಷ್ಟೇ ಚಂದವಾಗಿ ಬರೆದಿದ್ದರೂ ಕ್ಲೇಮಿಗೆ ಬಾರದ ಅಂಶ ನಿಮ್ಮನ್ನು ಕಾಯುವುದಿಲ್ಲ.

ಮೂರನೆಯದು, ಹುಡುಕಾಟ

ಭಾರತದ ಅರ್ಜಿಗಳಿಗೆ ಪೇಟೆಂಟ್ ಕಚೇರಿಯ InPASS ಇದೆ. ಹೊರಗಿನದಕ್ಕೆ Espacenet, Patentscope, Google Patents ಇವೆ. ಎಲ್ಲವೂ ಪುಕ್ಕಟೆ. ಪದಗಳಿಂದ ಹುಡುಕುವಾಗ ಒಂದೇ ಹೆಸರಿಗೆ ಅಂಟಿಕೊಳ್ಳಬೇಡಿ, ಅಡಿಕೆಗೆ ಇಂಗ್ಲಿಷಿನಲ್ಲೇ ಮೂರು ರೂಪಗಳಿವೆ:

```
("areca nut" OR arecanut OR "betel nut") AND (husking OR dehusking OR peeling)
```

ಪದಕ್ಕಿಂತ ಗಟ್ಟಿಯಾದದ್ದು ವರ್ಗ ಸಂಖ್ಯೆ. ಕಾಯಿಗಳ ನಾರು ಸಿಪ್ಪೆ ತೆಗೆಯುವ ಯಂತ್ರಗಳು ಪೇಟೆಂಟುಗಳ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ `A23N 5/08` ಅಡಿಯಲ್ಲಿ ಬರುತ್ತವೆ. ಆ ಸಂಖ್ಯೆ ಹಾಕಿ ಚಿತ್ರಗಳನ್ನಷ್ಟೇ ನೋಡುತ್ತ ಹೋಗಿ. ಭಾಷೆ ಚೀನೀ ಆದರೂ ರೋಲರ್ ರೋಲರೇ. ಚೀನಾದ ಹೈನಾನಿನಲ್ಲೂ ಅಡಿಕೆ ಬೆಳೆಯುತ್ತಾರೆ, ಅಲ್ಲಿನ ಅರ್ಜಿಗಳನ್ನು ಬಿಟ್ಟರೆ ಹುಡುಕಿದ ಹಾಗೆ ಆಗುವುದಿಲ್ಲ.

ಪೇಟೆಂಟ್ ದಾಖಲೆ ಮಾತ್ರ ನೋಡಿ ನಿಲ್ಲಿಸುವುದು ಸಾಮಾನ್ಯ ತಪ್ಪು. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು Krishikosh ಎಂಬ ಜಾಲತಾಣದಲ್ಲಿವೆ, ಅಡಿಕೆ ಯಂತ್ರಗಳ ಮೇಲಿನ ಪ್ರಬಂಧವನ್ನು ಅಲ್ಲಿ ಹುಡುಕಿ. ಯೂಟ್ಯೂಬ್ ವಿಡಿಯೋಗಳನ್ನೂ ಅಪ್‌ಲೋಡ್ ಮಾಡಿದ ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ. ಹತ್ತಿರದ್ದು ಎನಿಸಿದ ಐದಾರು ದಾಖಲೆ ಸಿಕ್ಕರೆ ಸಾಕು, ಕೆಲಸ ಶುರುವಾಗುವುದು ಆಮೇಲೆ.

ನಾಲ್ಕನೆಯದು, ನವೀನತೆ

ಸಿಕ್ಕಿದ ಒಂದೊಂದೇ ದಾಖಲೆಯನ್ನು ಹಾಳೆಯ ಪಕ್ಕ ಇಟ್ಟು ಕ, ಖ, ಗ ಎಂದು ಟಿಕ್ ಹಾಕುತ್ತ ಬನ್ನಿ. ನಿಯಮ ಸರಳ: ಒಂದೇ ದಾಖಲೆಯಲ್ಲಿ ನಿಮ್ಮ ಕ್ಲೇಮಿನ ಎಲ್ಲ ಅಂಶಗಳೂ ಇದ್ದರೆ ನವೀನತೆ ಇಲ್ಲ. ಒಂದಂಶ ಇಲ್ಲದಿದ್ದರೂ ನವೀನತೆ ಉಳಿಯಿತು. ಅಲ್ಲಿಂದ ಸ್ವಲ್ಪ ಇಲ್ಲಿಂದ ಸ್ವಲ್ಪ ಎಂದು ಎರಡು ದಾಖಲೆ ಹೊಲಿದು ನವೀನತೆ ಇಲ್ಲ ಎನ್ನುವಂತಿಲ್ಲ.

ನಮ್ಮ ಉದಾಹರಣೆಯಲ್ಲಿ, ಒಂದು ಹಳೆಯ ಪ್ರಬಂಧದಲ್ಲಿ ಕ, ಖ, ಗ ಮೂರೂ ಇವೆ ಅಂದುಕೊಳ್ಳಿ. ಸ್ಪ್ರಿಂಗ್‌ವರೆಗಿನ ಮಶಿನು ಅಲ್ಲಿಗೆ ಮುಗಿಯಿತು. ನೀವು ಆ ಪ್ರಬಂಧವನ್ನು ಜನ್ಮದಲ್ಲಿ ನೋಡಿಲ್ಲ ಎಂಬುದು ನಿಜವೇ ಇರಬಹುದು, ಆದರೆ ಅದನ್ನು ಯಾರೂ ಕೇಳುವುದಿಲ್ಲ. ಘ ಮತ್ತು ಚ ಅದರಲ್ಲಿಲ್ಲ, ಹಾಗಾಗಿ ಐದು ಪಟ್ಟಿಯ ಮಶಿನು ಹೊಸದು, ಓರೆ ಸೀಳಿನದೂ ಹೊಸದು. ಹೊಸದು ಎಂದಷ್ಟೇ ಆಯಿತು, ಪೇಟೆಂಟ್ ಸಿಗುತ್ತದೆ ಎಂದಾಗಲಿಲ್ಲ.

ಐದನೆಯದು, ಆವಿಷ್ಕಾರದ ಹೆಜ್ಜೆ

ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲಿ. ಕಾಯ್ದೆಯ ಮಾತನ್ನು ಬಿಡಿಸಿದರೆ ಎರಡು ತುಂಡಾಗುತ್ತದೆ. ಈಗಿರುವ ಜ್ಞಾನಕ್ಕಿಂತ ತಾಂತ್ರಿಕವಾಗಿ ಮುಂದಿರಬೇಕು ಅಥವಾ ಆರ್ಥಿಕ ಮಹತ್ವ ಇರಬೇಕು, ಎರಡೂ ಇದ್ದರೂ ಸರಿ. ಅದರ ಜೊತೆಗೆ, ಆ ಕಸುಬು ಬಲ್ಲವನಿಗೆ ಅದು ಸಹಜವಾಗಿ ಹೊಳೆಯುವಂಥದ್ದಾಗಿರಬಾರದು. ಮೊದಲ ತುಂಡಿನಲ್ಲಿ ಆಯ್ಕೆ ಇದೆ, ಎರಡನೆಯದರಲ್ಲಿ ಇಲ್ಲ. ‘ಮಶಿನಿಗೆ ಭಾರೀ ಬೇಡಿಕೆ ಇದೆ’ ಎಂಬ ವಾದ ಎರಡನೇ ತುಂಡಿನ ಮುಂದೆ ಒಂಟಿಯಾಗಿ ನಿಲ್ಲುವುದಿಲ್ಲ.

ಕಸುಬು ಬಲ್ಲವನು ಎಂದರೆ ಯಾರು? ವಿಜ್ಞಾನಿಯಲ್ಲ, ಅಡಿಕೆ ಬೆಳೆಗಾರನೂ ಅಲ್ಲ. ಇಂಥ ಯಂತ್ರ ಮಾಡುವ, ರಿಪೇರಿ ಮಾಡುವ ಒಬ್ಬ ಕಾಲ್ಪನಿಕ ಮೆಕ್ಯಾನಿಕ್. ಅವನಿಗೆ ಪ್ರಕಟವಾದ ದಾಖಲೆಗಳೆಲ್ಲ ಗೊತ್ತು, ಕೈಯೂ ಚುರುಕು, ಹೊಸದನ್ನು ಕಲ್ಪಿಸುವ ಗುಣ ಮಾತ್ರ ಇಲ್ಲ. ಅವನ ಮುಂದೆ ಕ, ಖ, ಗ ಇರುವ ಹಳೆ ಮಶಿನಿಟ್ಟು, ತೊಂದರೆ ಹೇಳಿ, ಅವನು ಮುಂದೇನು ಮಾಡುತ್ತಾನೆ ಎಂದು ಕೇಳಿಕೊಳ್ಳಬೇಕು. ಇಲ್ಲಿ ಎರಡು ಮೂರು ದಾಖಲೆಗಳನ್ನು ಜೋಡಿಸಬಹುದು. ನವೀನತೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಮೊದಲು ಸ್ಪ್ರಿಂಗ್. ಹಳೆಯ ಪ್ರಬಂಧ ಸಿಗದೇ ಹೋಗಿದ್ದರೂ ಅದು ಇಲ್ಲಿ ಬೀಳುತ್ತಿತ್ತು. ಅಕ್ಕಿ ಗಿರಣಿಯ ರಬ್ಬರ್ ರೋಲಿನಲ್ಲೂ ಒಂದು ರೋಲನ್ನು ಇನ್ನೊಂದರತ್ತ ಒತ್ತಿ ಹಿಡಿದಿರುತ್ತಾರೆ. ಅಳತೆ ಹೆಚ್ಚುಕಮ್ಮಿ ಆಗುವ ವಸ್ತುವಿಗೆ ಸ್ಪ್ರಿಂಗ್ ಕೊಡುವುದು ಯಾವ ಮೆಕ್ಯಾನಿಕ್ಕಿಗಾದರೂ ಮೊದಲು ಹೊಳೆಯುವ ಉಪಾಯ. ಇನ್ನು ಐದು ಪಟ್ಟಿ. ಇದು ಅರೆಬರೆ. ಒಂದು ದೊಡ್ಡದು ಬಂದರೆ ಇಡೀ ಪ್ಲೇಟು ಸರಿಯುತ್ತದೆ ಎಂದು ಕಂಡ ಮೇಲೆ ಪ್ಲೇಟನ್ನು ಭಾಗ ಮಾಡುವುದು ದೂರದ ಯೋಚನೆಯಲ್ಲ. ಬೇರೆ ಯಾವುದಾದರೂ ಸಿಪ್ಪೆ ಯಂತ್ರದಲ್ಲಿ ಬಿಡಿ ಬಿಡಿ ಪಟ್ಟಿ ಇದೆ ಎಂಬ ದಾಖಲೆ ಸಿಕ್ಕರೆ ಪೇಟೆಂಟ್ ಕಚೇರಿಯ ಪರೀಕ್ಷಕರು ಎರಡನ್ನೂ ಜೋಡಿಸಿ ಆಕ್ಷೇಪ ಎತ್ತುತ್ತಾರೆ, ಆ ಆಕ್ಷೇಪ ಗಟ್ಟಿಯಾಗಿರುತ್ತದೆ.

ಓರೆ ಸೀಳಿನ ಕತೆ ಬೇರೆ. ಸೀಳಿನಲ್ಲಿ ನಾರು ತುಂಬುತ್ತದೆ ಎಂದರೆ ಮೆಕ್ಯಾನಿಕ್ ಮಾಡುವುದೇನು? ಸೀಳನ್ನು ಸಣ್ಣ ಮಾಡುತ್ತಾನೆ, ರಬ್ಬರ್ ಮುಚ್ಚುತ್ತಾನೆ, ಬ್ರಶ್ ಕೂರಿಸುತ್ತಾನೆ, ಇಲ್ಲವೇ ಸೀಳೇ ಬೇಡ ಎಂದು ಹಳೆ ಪ್ಲೇಟಿಗೆ ಮರಳುತ್ತಾನೆ. ಸುಲಿಯುವ ಹಲ್ಲಿಗೇ ಸೀಳು ಸ್ವಚ್ಛ ಮಾಡುವ ಕೆಲಸ ಕೊಡಬಹುದು, ಅದಕ್ಕೆ ಕೋನ ಬದಲಿಸಿದರೆ ಸಾಕು ಎಂಬುದು ಆ ಸಾಲಿನಲ್ಲಿ ಇಲ್ಲ. ಪೇಟೆಂಟಿನ ಜೀವ ಇರುವುದು ಚ ದಲ್ಲಿ. ಆದ್ದರಿಂದ ಮುಖ್ಯ ಕ್ಲೇಮಿನಲ್ಲಿ ಚ ಇರಲೇಬೇಕು.

ಆದರೆ ‘ಹೊಳೆಯುತ್ತಿರಲಿಲ್ಲ’ ಎಂದು ಬಾಯಲ್ಲಿ ಹೇಳಿದರಾಗದು. ಉತ್ತರ ಗೊತ್ತಾದ ಮೇಲೆ ಯಾವ ಒಗಟೂ ಸುಲಭವೇ. ಪರೀಕ್ಷಕರಿಗೂ ಹಾಗೇ ಕಾಣುತ್ತದೆ, ಒಮ್ಮೊಮ್ಮೆ ಮಾಡಿದವರಿಗೇ ಹಾಗೆ ಕಾಣುತ್ತದೆ. ಇದಕ್ಕೆ ಮದ್ದು ಎಂದರೆ ಪ್ರಯೋಗದ ಲೆಕ್ಕ. ಒಂದೇ ತೋಟದ, ಒಂದೇ ದಿನ ಕೊಯ್ದ ಅಡಿಕೆಯನ್ನು 500ರಂತೆ ಎಣಿಸಿ ಪಾಲು ಮಾಡಿ. ಇಡೀ ಪ್ಲೇಟು, ನೇರ ಸೀಳು, ಓರೆ ಸೀಳು, ಮೂರರಲ್ಲೂ ಮೂರು ಮೂರು ಪಾಲು ಹಾಕಿ. ಸುಲಿಯದೇ ಬಂದದ್ದೆಷ್ಟು, ಗಾಯವಾದದ್ದೆಷ್ಟು, ನಾರು ಕಟ್ಟಿ ನಿಲ್ಲಿಸಬೇಕಾದದ್ದು ಎಷ್ಟು ನಿಮಿಷಕ್ಕೆ ಎಂದು ಬರೆಯಿರಿ. ಕೋನವನ್ನೂ ಬದಲಿಸಿ ನೋಡಿ, ಯಾವ ಕೋನದವರೆಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ ಎಂಬುದು ಬೇಕು. ಕೆಟ್ಟ ಪ್ಲೇಟುಗಳನ್ನು ಗುಜರಿಗೆ ಹಾಕಬೇಡಿ. ಈ ಅಂಕಿಗಳು ಅರ್ಜಿಯಲ್ಲೇ ಇರಲಿ, ಸಲ್ಲಿಸಿದ ಮೇಲೆ ಹೊಸ ವಿಷಯ ಸೇರಿಸಲು ಕಾಯ್ದೆ ಬಿಡುವುದಿಲ್ಲ.

ಈ ಗೆರೆ ಎಲ್ಲಿದೆ ಎಂದು ತೋರಿಸುವ ತೀರ್ಪು 1978ರದ್ದು. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನ ಪ್ರಕರಣ. ಲೇತಿಗೆ ಕೂರಿಸಿ ಹೆರೆಯುವಾಗ ಪಾತ್ರೆ ಹಾರಿ ಬೀಳುವ ಅಪಾಯ ಇತ್ತು, ಅದನ್ನು ಎದುರಿನಿಂದ ಒತ್ತಿ ಹಿಡಿಯುವ ಏರ್ಪಾಡಿಗೆ ಪೇಟೆಂಟ್ ಪಡೆದಿದ್ದರು. ಉಪಯೋಗ ಇಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಆದರೂ ಸುಪ್ರೀಂ ಕೋರ್ಟು, ಇದು ಹಳೆಯ ಲೇತಿನಲ್ಲಿದ್ದ ವಿದ್ಯೆಯೇ, ಕಾರ್ಯಾಗಾರದ ಮಟ್ಟದ ಸುಧಾರಣೆ ಸಾಲದು ಎಂದು ಪೇಟೆಂಟನ್ನು ನಿಲ್ಲಗೊಡಲಿಲ್ಲ. ಗೊತ್ತಿರುವ ಭಾಗಗಳನ್ನು ಜೋಡಿಸಿದ್ದಾದರೆ ಆ ಜೋಡಣೆಯಿಂದ ಹೊಸ ಫಲ, ಹೊಸ ವಸ್ತು ಅಥವಾ ಮೊದಲಿಗಿಂತ ಉತ್ತಮವಾದದ್ದೋ ಅಗ್ಗವಾದದ್ದೋ ಹುಟ್ಟಬೇಕು ಎಂಬ ಮಾತೂ ಅಲ್ಲಿದೆ. ಇದೇ ಜಾತಿಯ ಇನ್ನೊಂದು ಅಡ್ಡಿ ಕಾಯ್ದೆಯ 3(ಎಫ್) ಕಲಮು. ಸುಲಿಯುವ ಮಶಿನಿಗೆ ಅಡಿಕೆ ಎತ್ತುವ ಬೆಲ್ಟನ್ನೂ ಗಾತ್ರ ಬೇರ್ಪಡಿಸುವ ಜರಡಿಯನ್ನೂ ಸೇರಿಸಿದರೆ, ಮೂರೂ ತಮ್ಮ ಪಾಡಿಗೆ ತಾವು ಹಳೆಯ ಕೆಲಸವನ್ನೇ ಮಾಡುತ್ತಿರುತ್ತವೆ. ಅದು ಬರೀ ಜೋಡಣೆ, ಆವಿಷ್ಕಾರವಲ್ಲ.

ಆರನೆಯದು, ಅರ್ಜಿ

ಕರ್ನಾಟಕದವರ ಅರ್ಜಿ ಚೆನ್ನೈನ ಪೇಟೆಂಟ್ ಕಚೇರಿಗೆ, ಆನ್‌ಲೈನಿನಲ್ಲೇ. ಭಾಷೆ ಇಂಗ್ಲಿಷ್ ಅಥವಾ ಹಿಂದಿ. ವ್ಯಕ್ತಿಯ ಹೆಸರಿನಲ್ಲಾದರೆ ಸಲ್ಲಿಸುವ ಶುಲ್ಕ 1,600 ರೂಪಾಯಿ, 30 ಪುಟ ಮತ್ತು 10 ಕ್ಲೇಮಿನವರೆಗೆ. ಪರೀಕ್ಷೆಗೆ ಬೇರೆ ಕೋರಿಕೆ ಕೊಡಬೇಕು, ಅದಕ್ಕೆ 4,000. ಏಜೆಂಟರ ಫೀಸು ಇದರಲ್ಲಿ ಸೇರಿಲ್ಲ.

ಪ್ರಯೋಗ ಇನ್ನೂ ನಡೆಯುತ್ತಿದ್ದರೆ ತಾತ್ಕಾಲಿಕ ವಿವರಣೆ ಹಾಕಿ ದಿನಾಂಕ ಹಿಡಿಯಬಹುದು, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು. ಇಲ್ಲಿನ ಗುಂಡಿ ಬಲು ಆಳ. ಆ ದಿನಾಂಕ ಸಿಗುವುದು ತಾತ್ಕಾಲಿಕದಲ್ಲಿ ಬರೆದ ವಿಷಯಕ್ಕೆ ಮಾತ್ರ. ಜೂನಿನಲ್ಲಿ ಸ್ಪ್ರಿಂಗ್ ಮತ್ತು ಪಟ್ಟಿಯನ್ನಷ್ಟೇ ಬರೆದು ಹಾಕಿದಿರಿ, ಡಿಸೆಂಬರಿನ ಕೊನೆಕೊಯ್ಲಿನಲ್ಲಿ ಓರೆ ಸೀಳು ಹೊಳೆಯಿತು, ‘ಅರ್ಜಿ ಆಗಿದೆಯಲ್ಲ’ ಎಂಬ ಧೈರ್ಯದಲ್ಲಿ ಜನವರಿಯಲ್ಲಿ ವಿಡಿಯೋ ಹಾಕಿದಿರಿ, ಮೇ ತಿಂಗಳಲ್ಲಿ ಪೂರ್ಣ ವಿವರಣೆ. ಓರೆ ಸೀಳಿನ ದಿನಾಂಕ ಮೇ. ಅದನ್ನು ಕೊಂದದ್ದು ನಿಮ್ಮದೇ ಜನವರಿಯ ವಿಡಿಯೋ. ಹೊಸ ಅಂಶ ಹೊಳೆದ ಕೂಡಲೇ ಅದನ್ನು ಸೇರಿಸಿ ಇನ್ನೊಂದು ತಾತ್ಕಾಲಿಕ ಹಾಕಿದ್ದರೆ 1,600 ರೂಪಾಯಿಯಲ್ಲಿ ಮುಗಿಯುತ್ತಿತ್ತು.

ಇನ್ನು ಕಾಪಿರೈಟ್

ಇದೇ ಮಶಿನಿನ ಸುತ್ತ ಬೇರೆ ವಸ್ತುಗಳೂ ಹುಟ್ಟಿರುತ್ತವೆ: ನಕ್ಷೆ, ಬಳಕೆಯ ಕೈಪಿಡಿ, ಫೋಟೊ, ವಿಡಿಯೋ. ಇವುಗಳಿಗೆ ಕಾಪಿರೈಟ್ ಸಿಗಲು ‘ಸ್ವಂತಿಕೆ’ ಇರಬೇಕು ಎನ್ನುತ್ತದೆ 1957ರ ಕಾಯ್ದೆ. ಈ ಸ್ವಂತಿಕೆಗೆ ಹೊಸತನ ಬೇಕಿಲ್ಲ. ಸಿದ್ದಾಪುರದ ಒಬ್ಬರು, ಯಲ್ಲಾಪುರದ ಒಬ್ಬರು, ಪರಸ್ಪರ ನೋಡದೆ ಒಂದೇ ಥರದ ಮಶಿನಿನ ನಕ್ಷೆ ಬರೆದರೆ ಇಬ್ಬರಿಗೂ ತಮ್ಮ ತಮ್ಮ ನಕ್ಷೆಯ ಮೇಲೆ ಕಾಪಿರೈಟ್ ಇದೆ. ಪೇಟೆಂಟಿನಲ್ಲಿ ಇದು ಸಾಧ್ಯವೇ ಇಲ್ಲ, ಮೊದಲು ಅರ್ಜಿ ಹಾಕಿದವರದು ಮಾತ್ರ.

ಎಷ್ಟು ಸ್ವಂತಿಕೆ ಸಾಕು? ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ.ಬಿ. ಮೋದಕ್ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ಇದನ್ನು ಅಳೆಯಿತು. ಬರೀ ಬೆವರು ಸುರಿಸಿದ್ದು ಸಾಲದು, ಹಾಗೆಂದು ಹೊಸದಾಗಿರಬೇಕು, ಯಾರಿಗೂ ಹೊಳೆಯದ್ದಾಗಿರಬೇಕು ಎಂದೂ ಇಲ್ಲ. ಕೌಶಲ, ವಿವೇಚನೆ ಮತ್ತು ತುಸು ಸೃಜನಶೀಲತೆ ಇದ್ದರೆ ಸಾಕು. ಕೋರ್ಟಿನ ತೀರ್ಪುಗಳ ಪಠ್ಯವನ್ನು ತಿದ್ದಿ ಅಚ್ಚು ಮಾಡಿದ್ದಕ್ಕಷ್ಟೇ ಅಲ್ಲಿ ರಕ್ಷಣೆ ಸಿಗಲಿಲ್ಲ, ವಿವೇಚನೆ ಬಳಸಿ ಪ್ಯಾರಾ ವಿಂಗಡಿಸಿ ಸಂಖ್ಯೆ ಕೊಟ್ಟದ್ದಕ್ಕೆ ಸಿಕ್ಕಿತು. ನಿಮ್ಮ ಕೈಪಿಡಿಗೂ ಇದೇ ಅಳತೆ. ಬೋಲ್ಟುಗಳ ಅಳತೆಯ ಪಟ್ಟಿಯಲ್ಲಿ ಹೆಚ್ಚೇನಿಲ್ಲ. ಹಣ್ಣಡಿಕೆಗೆ ಸ್ಪ್ರಿಂಗ್ ಎಷ್ಟು ಸಡಿಲಿಸಬೇಕು ಎಂದು ನಿಮ್ಮದೇ ಕ್ರಮದಲ್ಲಿ, ನಿಮ್ಮ ಮಾತಿನಲ್ಲಿ ಬರೆದ ಪುಟಕ್ಕೆ ಇದೆ. ನೋಂದಣಿ ಕಡ್ಡಾಯವಲ್ಲ. ಬರೆದ ಕ್ಷಣದಿಂದ ಹಕ್ಕು ಹುಟ್ಟುತ್ತದೆ, ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಪೇಟೆಂಟಿಗೆ ಒಟ್ಟು 20.

ಇಷ್ಟು ಸುಲಭ ಎಂದಾದ ಮೇಲೆ ನಕ್ಷೆಯನ್ನೇ ಕಾಪಿರೈಟಿನಲ್ಲಿ ನೋಂದಾಯಿಸಿ ಮಶಿನನ್ನು ಕಾಪಾಡಿಕೊಳ್ಳಬಾರದೇ ಎಂದು ಕೆಲವರು ದಾರಿ ಹುಡುಕುತ್ತಾರೆ. ಆಗುವುದಿಲ್ಲ. ಕಾಪಿರೈಟ್ ವಿಚಾರವನ್ನು ಕಾಯುವುದಿಲ್ಲ, ಅದನ್ನು ಹೇಳಿದ ರೀತಿಯನ್ನು ಕಾಯುತ್ತದೆ. ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿದ್ದು ಕೂಡ 1978ರಲ್ಲೇ. ಯಂತ್ರಗಳ ಮಟ್ಟಿಗೆ ಕಾಯ್ದೆಯೇ ಇನ್ನೂ ನೇರವಾಗಿದೆ: ತಾಂತ್ರಿಕ ನಕ್ಷೆಯನ್ನು ನೋಡಿ, ಉಪಯುಕ್ತ ಸಾಧನದ ಕೇವಲ ಕೆಲಸಕ್ಕೆ ಬೇಕಾದ ಭಾಗವನ್ನು ಉದ್ಯಮಕ್ಕಾಗಿ ಮಾಡಿದರೆ ಕಾಪಿರೈಟ್ ಉಲ್ಲಂಘನೆಯಲ್ಲ ಎನ್ನುತ್ತದೆ 52(1)(ಡಬ್ಲ್ಯೂ). ಪಕ್ಕದೂರಿನ ವರ್ಕ್‌ಶಾಪಿನವರು ನಿಮ್ಮ ನಕ್ಷೆಯನ್ನು ಜೆರಾಕ್ಸ್ ಮಾಡಿ ಮಾರಿದರೆ ತಡೆಯಬಹುದು. ಅದೇ ನಕ್ಷೆ ನೋಡಿ ಓರೆ ಸೀಳಿನ ಪ್ಲೇಟು ಕೊರೆದರೆ ಕಾಪಿರೈಟ್ ಹಿಡಿದು ತಡೆಯಲಾಗದು, ಪೇಟೆಂಟ್ ಇದ್ದರೆ ಮಾತ್ರ ತಡೆಯಬಹುದು.

ಮಶಿನಿನ ಹೊರಗಿನ ಮುಚ್ಚಳದ ಆಕಾರ ಚಂದ ಇದ್ದು, ಅದನ್ನೂ ಉಳಿಸಿಕೊಳ್ಳಬೇಕೆಂದರೆ ಅದಕ್ಕೆ ಡಿಸೈನ್ ನೋಂದಣಿ ಎಂಬ ಮೂರನೇ ದಾರಿ ಇದೆ. ಡಿಸೈನ್ ನೋಂದಣಿಗೆ ಅರ್ಹವಾದದ್ದನ್ನು ನೋಂದಾಯಿಸದೆ ಬಿಟ್ಟು, ಆ ಆಕಾರದ ಮಾಲನ್ನು 50ಕ್ಕಿಂತ ಹೆಚ್ಚು ತಯಾರಿಸಿದ ಕೂಡಲೇ ಅದರ ಕಾಪಿರೈಟೂ ಹೋಗುತ್ತದೆ. ಅಲ್ಲಿಯೂ ಹೊಸತನ ಕೇಳುತ್ತಾರೆ, ಅಲ್ಲಿಯೂ ಮೊದಲೇ ತೋರಿಸಿದರೆ ಕೆಡುತ್ತದೆ. ಹಾಗಾಗಿ ಎರಡೂ ಅರ್ಜಿಯ ಸಂಖ್ಯೆ ಕೈಗೆ ಬಂದ ಮೇಲೆ ವಿಡಿಯೋ ಹಾಕಿ. ಆ ವಿಡಿಯೋದ ಫೋಟೊ, ದೃಶ್ಯ ತೆಗೆದವರು ಪುಕ್ಕಟೆ ಸಹಾಯಕ್ಕೆ ಬಂದ ಭಾವನ ಮಗನಾಗಿದ್ದರೆ, ಅದರ ಕಾಪಿರೈಟ್ ಅವನದಾಗಬಹುದು. ಅವನ ಹತ್ತಿರವೂ ಎರಡು ಸಾಲು ಬರೆಸಿಕೊಂಡೇ ಹಾಕಿ.